ಥೀಮ್ ತಾನಾಗಿ ಹೊಮ್ಮಲ್ಲ ಸ್ವಾಮಿ, ನೀವು ಕಟ್ತೀರಿ



ಮೊನ್ನೆ ಒಂದು ಪಿಎಚ್‌ಡಿ ಅಧ್ಯಾಯ ಓದಿದೆ. ವಿಷಯ, ಫ್ರೀಲಾನ್ಸ್ ಪತ್ರಕರ್ತರ ಬದುಕು. ಅದರ ಹನ್ನೆರಡು ಸಂದರ್ಶನಗಳ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಟ್ಟವನು ನಾನೇ. ಆಫೀಸ್ ಮುಗಿಸಿ ಬಂದು ರಾತ್ರಿ ಕೂತು ಮಾಡಿದ ಕೆಲಸ. ಒಂದು ಗಂಟೆ ಮಾತಿಗೆ ಐದಾರು ಗಂಟೆ ಹಿಡೀತಿತ್ತು. ಹಾಗಾಗಿ ಯಾರು ಏನು ಹೇಳಿದ್ರು ಅನ್ನೋದು ಇನ್ನೂ ಕಿವಿಯಲ್ಲೇ ಇದೆ.

ಅಧ್ಯಾಯದಲ್ಲಿ ಒಂದು ಸಾಲು: ‘ದತ್ತಾಂಶದಿಂದ ನಾಲ್ಕು ಥೀಮ್‌ಗಳು ಹೊರಹೊಮ್ಮಿದವು.’ ನನ್ನ ತಕರಾರು ಈ ‘ಹೊರಹೊಮ್ಮಿದವು’ ಮೇಲೆ. ಅದೇನು ಮಳೆ ಬಿದ್ದ ಮೇಲೆ ಏಳೋ ಅಣಬೆಯಾ?

ಈ ವಿಧಾನಕ್ಕೆ ಥೀಮ್ಯಾಟಿಕ್ ಅನಾಲಿಸಿಸ್ ಅಂತಾರೆ. ಬರೆದಿಟ್ಟ ಮಾತನ್ನ ಮತ್ತೆ ಮತ್ತೆ ಓದಬೇಕು. ಮುಖ್ಯ ಅನಿಸಿದ ತುಣುಕಿಗೆ ಒಂದು ಚಿಕ್ಕ ಹೆಸರು ಕೊಡಬೇಕು, ಅದು ಕೋಡ್. ಒಂದೇ ಅರ್ಥದ ಕಡೆ ಕೈ ತೋರಿಸೋ ಕೋಡ್‌ಗಳನ್ನ ಸೇರಿಸಿ ಥೀಮ್ ಕಟ್ಟಬೇಕು. ಇದನ್ನ ಆರು ಹಂತಗಳಾಗಿ ವಿವರಿಸಿದ ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲೇ ಎಚ್ಚರಿಸಿದ್ರು: ಥೀಮ್ ಹೊಮ್ಮಿತು ಅಂದ್ರೆ ಸಂಶೋಧಕರು ತಮ್ಮ ಕೈಯನ್ನ ಮರೆಮಾಚಿದ ಹಾಗೆ. ನಮ್ಮವರು ಅವರ ಹೆಸರು ಉಲ್ಲೇಖಿಸ್ತಾರೆ, ಮಾತು ಮಾತ್ರ ಬಿಟ್ಟುಬಿಡ್ತಾರೆ.

ಒಂದು ಉದಾಹರಣೆ ಕೊಡ್ತೀನಿ. ಮಾತಾಡಿದವರ ಒಪ್ಪಿಗೆ ಪಡೆದೇ ಬರೀತಿದೀನಿ, ಊರು ಹೆಸರು ಹಾಕಲ್ಲ. ಒಬ್ಬ ದಲಿತ ಪತ್ರಕರ್ತ ಹೇಳಿದ್ದು: ‘ಜಾತ್ರೆ ಸುದ್ದಿಗೆ ನನ್ನನ್ನ ಕಳಿಸಲ್ಲ ಸಾರ್. ಅಟ್ರಾಸಿಟಿ ಆದ್ರೆ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತೆ. ಪ್ರಿಂಟ್ ಆದ್ರೆ ಮಾತ್ರ ದುಡ್ಡು.’ ಹೇಳಿ ನಕ್ಕ. ನಾನು ‘(ನಗು)’ ಅಂತ ಟೈಪ್ ಮಾಡಿದ್ದೆ. ಅಧ್ಯಾಯದಲ್ಲಿ ಆ ನಗು ಇಲ್ಲ.

ಕೊನೆಯ ಪುಟಗಳ ಪಟ್ಟಿಯಲ್ಲಿ ಈ ಮಾತಿಗೆ ಎರಡು ಕೋಡ್ ಇವೆ: ‘ವಿಷಯ ಪರಿಣತಿ’ ಮತ್ತು ‘ಆದಾಯದ ಅನಿಶ್ಚಿತತೆ’. ಮೊದಲನೆಯದು ‘ವೃತ್ತಿ ಸ್ವಾತಂತ್ರ್ಯ’ ಅನ್ನೋ ಥೀಮ್‌ಗೆ ಹೋಯ್ತು, ಎರಡನೆಯದು ‘ಹಣದ ಸಮಸ್ಯೆಗಳು’ ಅನ್ನೋದಕ್ಕೆ. ಜಾತ್ರೆಗೆ ಕಳಿಸದೇ ಇರೋದು ಪರಿಣತಿ ಆಗಿಬಿಡ್ತು! ಇನ್ನು ‘ಹಣದ ಸಮಸ್ಯೆಗಳು’ ಅನ್ನೋದು ಥೀಮೇ ಅಲ್ಲ. ಹಣದ ಬಗ್ಗೆ ಬಂದ ಮಾತನ್ನೆಲ್ಲ ತುಂಬಿದ ಒಂದು ಬುಟ್ಟಿ. ಥೀಮ್ ಅಂದ್ರೆ ಅದರೊಳಗಿನ ಮಾತುಗಳನ್ನ ಹಿಡಿದಿಡೋ ಒಂದು ಅರ್ಥ ಇರಬೇಕು, ಅದು ಏನನ್ನಾದ್ರೂ ಹೇಳಬೇಕು.

ನಾನು ಅದೇ ಮಾತಿಗೆ ಬೇರೆ ಕೋಡ್ ಬರೆದೆ: ‘ಜಾತ್ರೆಯಿಂದ ಹೊರಗೆ’, ‘ಅಟ್ರಾಸಿಟಿ ಆದಾಗ ನೆನಪಾಗುವವನು’. ಉಳಿದ ಸಂದರ್ಶನಗಳಲ್ಲೂ ಇಂಥದ್ದೇ ಮಾತು ಸಿಕ್ಕವು. ‘ನೋವಿನ ವರದಿಗೆ ಮಾತ್ರ ಬೇಕಾದವರು’ ಅಂತ ಥೀಮ್ ಕಟ್ಟಿ ಗೆದ್ದೆ ಅಂದ್ಕೊಂಡೆ.

ಗೆದ್ದಿರಲಿಲ್ಲ. ಥೀಮ್ ಕಟ್ಟಿದ ಮೇಲೆ ಪೂರ್ತಿ ಸಂದರ್ಶನಗಳಿಗೆ ವಾಪಸ್ ಹೋಗಿ ಅದು ನಿಲ್ಲುತ್ತಾ ನೋಡಬೇಕು. ಇನ್ನೊಬ್ಬ ದಲಿತ ಗೆಳೆಯ ಅಲ್ಲಿ ಹೇಳಿದ್ದ: ‘ಅಟ್ರಾಸಿಟಿ ಸುದ್ದಿ ನಾನೇ ಕೇಳಿ ತಗೋತೀನಿ. ನಾನು ಬರೀದೆ ಇದ್ರೆ ಯಾರು ಬರೀತಾರೆ?’ ಟೈಪ್ ಮಾಡಿದ್ದು ನಾನೇ, ಆದ್ರೂ ಕೋಡ್ ಮಾಡುವಾಗ ದಾಟಿಕೊಂಡು ಹೋಗಿದ್ದೆ. ಯಾಕೆ? ಆಫೀಸಲ್ಲಿ ಏಪ್ರಿಲ್ 14 ಬಂದಾಗ ಮಾತ್ರ ನನ್ನನ್ನ ಹುಡುಕ್ತಾರೆ. ನನ್ನ ಸಿಟ್ಟಿಗೆ ಮೊದಲನೆಯವನ ಮಾತು ಬೇಕಿತ್ತು, ಎರಡನೆಯವನದ್ದು ಬೇಡವಾಗಿತ್ತು. ಥೀಮ್ ಒಡೆದು ಮತ್ತೆ ಕಟ್ಟಿದೆ: ‘ಬೇರೆ ಬಾಗಿಲು ಮುಚ್ಚಿದಾಗ ತೆರೆದಿದ್ದ ಬಾಗಿಲನ್ನ ತಮ್ಮದಾಗಿಸಿಕೊಂಡವರು’. ಈಗ ಇಬ್ಬರೂ ಅದರೊಳಗೆ ನಿಲ್ತಾರೆ. ತಳ್ಳಿದ್ದೂ ಕಾಣುತ್ತೆ, ಆರಿಸಿಕೊಂಡಿದ್ದೂ ಕಾಣುತ್ತೆ.

ರಿಫ್ಲೆಕ್ಸಿವಿಟಿ ಅಂದ್ರೆ ಇದು. ಮುನ್ನುಡಿಯಲ್ಲಿ ‘ನಾನು ಮಧ್ಯಮ ವರ್ಗದ ಸಂಶೋಧಕ’ ಅಂತ ಒಂದು ಸಾಲು ಬರೆದು ಕೈತೊಳೆಯೋದಲ್ಲ. ಯಾವ ಮಾತು ನನ್ನ ಕಣ್ಣಿಗೆ ಬಿತ್ತು, ಯಾವುದು ಬೀಳಲಿಲ್ಲ, ಯಾಕೆ ಅಂತ ದಿನದಿನವೂ ಬರೆದಿಡೋದು.

ಆ ಸಂಶೋಧಕರನ್ನ ಕೇಳಿದೆ. ‘ಇಬ್ಬರು ಬೇರೆ ಬೇರೆ ಕೂತು ಕೋಡ್ ಮಾಡಿದೀವಿ, ಹೆಚ್ಚೂ ಕಡಿಮೆ ಒಂದೇ ಬಂದಿದೆ’ ಅಂದ್ರು. ಇಬ್ಬರೂ ಮೇಲ್ಜಾತಿಯವರು. ಒಂದೇ ಕಿಟಕಿಯಲ್ಲಿ ನಿಂತ ಇಬ್ಬರಿಗೂ ಒಂದೇ ಬೀದಿ ಕಾಣುತ್ತೆ. ಅವರ ಒಪ್ಪಂದದಿಂದ ಹಿಂದಿನ ಕೇರಿ ಇಲ್ಲ ಅಂತ ಆಗಲ್ಲ.

ನಾನು ಅವರಿಗೆ ಕೇಳೋದು ಇಷ್ಟೇ. ‘ಹೊರಹೊಮ್ಮಿದವು’ ತೆಗೆದು ‘ನಾನು ಕಟ್ಟಿದೆ’ ಅಂತ ಬರೀರಿ. ಹೇಗೆ ಕಟ್ಟಿದಿರಿ, ಎಲ್ಲಿ ಒಡೆದಿರಿ ತೋರಿಸಿ. ಆ ಗೆಳೆಯನ ನಗುವನ್ನ ವಾಪಸ್ ಹಾಕಿ. ಅದು ನಗು ಅಲ್ಲ ಅಂತ ಗೊತ್ತಾಗೋಕೆ ಅವನ ಪಕ್ಕ ಸ್ವಲ್ಪ ಹೊತ್ತು ಕೂರಬೇಕಾಗುತ್ತೆ.

ಜೈ ಭೀಮ್.