'ಅಲ್ಲಿ' ಅನ್ನೋದನ್ನ ಬ್ಯಾರೆ ನಿಲ್ಲಸಬ್ಯಾಡ್ರಿ

ಕನ್ನಡದಾಗ ಇಂಗ್ಲಿಷ್ ಶಬ್ದ ಬೆರಸೋದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಬ್ಯಾಗು, ಫೋನು, ಬಸ್ಸು, ಗ್ಯಾಸು ಇವೆಲ್ಲ ನಮ್ಮ ಮನಿ ಶಬ್ದನ ಆಗಿಬಿಟ್ಟಾವ. ತಕರಾರು ಇರೋದು ಆ ಶಬ್ದದ ಬೆನ್ನಿಗೆ ಹಚ್ಚೋ ಕನ್ನಡದ ಪ್ರತ್ಯಯದ ಮ್ಯಾಲೆ. ಈಗಿನ ಹುಡುಗರು ಮೊಬೈಲಿನ್ಯಾಗ ಬರೀಬೇಕಾದ್ರ 'ಬಸ್ ಅಲ್ಲಿ', 'ಫೋನ್ ಅಲ್ಲಿ', 'ಬ್ಯಾಗ್ ಅಲ್ಲಿ' ಅಂತ ನಡುವ ಜಾಗ ಬಿಟ್ಟು ಬರೀತಾರ. ಇದು ಬರೇ ನೋಡ್ಲಿಕ್ಕೆ ಛಂದ ಇಲ್ಲ ಅನ್ನೋ ಮಾತಲ್ಲ. ಅರ್ಥನ ಬ್ಯಾರೆ ಆಗ್ತದ.

ಹೆಂಗ ಅಂತ ಒಂದು ಉದಾಹರಣೆ ಕೊಡ್ತೀನಿ. ನಮ್ಮ ಅಕ್ಕನ ಅತ್ತಿಯವರಿಗೆ ಎಂಬತ್ತು ದಾಟ್ಯಾವ, ಬಿಪಿ ಗುಳಿಗಿ ದಿನಾ ರಾತ್ರಿ ಒಂದು ಬೇಕು. ಬೆಂಗಳೂರಿನ ಮಗನ ಮನಿಯಿಂದ ಮೊಮ್ಮಗನ ಜೋಡಿ ಹುಬ್ಬಳ್ಳಿಗೆ ಬಂದ್ರು. ಹಿಂದಿಂದನ ಮೊಮ್ಮಗಳ ಮೆಸೇಜ್ ಬಂತು: 'ಅಜ್ಜಿ ಟ್ಯಾಬ್ಲೆಟ್ಸ್ ಬ್ಯಾಗ್ ಅಲ್ಲಿ ಇದೆ. ನೋಡಿ.' ಅಕ್ಕ ಇದನ್ನ ಹೆಂಗ ಓದಿದಳು ಅಂದ್ರ, ಅಜ್ಜಿಯ ಗುಳಿಗಿ ಚೀಲ ಅಲ್ಲೇ ಬೆಂಗಳೂರಾಗ ಉಳದದ ಅಂತ. ಹುಡುಗಿ ಹೇಳಿದ್ದು, ಗುಳಿಗಿ ಚೀಲದಾಗ ಅವ ಅಂತ. ಭಾವನವರು ಹಳೇ ಚೀಟಿ ಹುಡುಕಿ ಅಂಗಡಿಯಿಂದ ಹೊಸಾ ಗುಳಿಗಿ ತಂದ್ರು, ಊಟ ಆದ ಮ್ಯಾಲೆ ಅಕ್ಕ ಒಂದು ಕೊಟ್ಟಳು. ಸ್ವಲ್ಪ ಹೊತ್ತಿಗೆ ಮೊಮ್ಮಗ ಚೀಲದಾಗಿಂದ ಇನ್ನೊಂದು ತಗದು ನೀರಿನ ಲೋಟ ಹಿಡಕೊಂಡು ಬಂದ. ಅತ್ತಿಯವರು ಎಚ್ಚರ ಇದ್ದವರು, 'ಈಗರ ತಗೊಂಡೆನಲ್ಲೋ' ಅಂದ್ರು, ಪಾರಾತು. ಮರವು ಇದ್ದ ವಯಸ್ಸಾದವರು ಆಗಿದ್ರ ಎರಡೂ ನುಂಗತಿದ್ರು.

ಆಮ್ಯಾಲೆ ಎಲ್ಲಾರೂ ಅಕ್ಕನ್ನ 'ಸರಿಯಾಗಿ ಓದಬಾರದೇನು' ಅಂದ್ರು. ನನ್ನ ಪ್ರಕಾರ ಅಕ್ಕ ಸರಿಯಾಗೇ ಓದ್ಯಾಳ. ಆ ವಾಕ್ಯ ಬಿಡಿಸಿ ನೋಡ್ರಿ. 'ಅಲ್ಲಿ' ಬ್ಯಾರೆ ನಿಂತ್ರ ಅದು ಜಾಗ ತೋರಸೋ ಶಬ್ದ, ಆ ಕಡೆ ಅಂತ ಅರ್ಥ. ಅಂಟಿಕೊಂಡ್ರ ಅದು ಸಪ್ತಮಿ ಪ್ರತ್ಯಯ, ಒಳಗ ಅಂತ ಅರ್ಥ. ಅದರ ಮ್ಯಾಲೆ ಕಡೀಕ 'ಇದೆ' ಅಂತ ಏಕವಚನ. ಗುಳಿಗಿ ಬಹಳ ಇದ್ರ 'ಇವೆ' ಬರಬೇಕಿತ್ತು. 'ಟ್ಯಾಬ್ಲೆಟ್ಸ್' ಅಂತ ಇಂಗ್ಲಿಷಿನ ಬಹುವಚನ ಹಾಕಿ 'ಇದೆ' ಅಂದಾಗ, ಓದವರು ಒಂದೇ ಒಂದು ಇರೋ ವಸ್ತು ಯಾವುದು ಅಂತ ಹುಡುಕ್ತಾರ. ಅದು ಚೀಲ. ಹಿಂಗ ಎರಡು ಸಣ್ಣ ತಪ್ಪು ಕೂಡಿ ವಾಕ್ಯಾನ ತಿರಿವಿ ಹಾಕಿದ್ವು. 'ಟ್ಯಾಬ್ಲೆಟ್ ಬ್ಯಾಗಿನಲ್ಲಿ ಇವೆ' ಅಂತ ಬರದಿದ್ರ ಮುಗೀತಿತ್ತು.

ನಮ್ಮ ಮನಿ ಮಾತಿನ್ಯಾಗ ಈ ಗೊಂದಲ ಹುಟ್ಟೋದೇ ಇಲ್ಲ ನೋಡ್ರಿ. ನಾವು ಒಳಗ ಅನ್ನಲಿಕ್ಕೆ 'ಬ್ಯಾಗಿನ್ಯಾಗ' ಅಂತೀವಿ, ಆ ಕಡೆ ಅನ್ನಲಿಕ್ಕೆ 'ಅಲ್ಲೆ' ಅಂತೀವಿ. ಹಳಗನ್ನಡದಾಗೂ ಸಪ್ತಮಿಗೆ 'ಒಳ್' ಅನ್ನೋ ಪ್ರತ್ಯಯ ಇತ್ತು, ಕೇಶಿರಾಜನ ಶಬ್ದಮಣಿದರ್ಪಣದಾಗ ಅದ. ಹಂಗಂತ ಎಲ್ಲಾರೂ ನಮ್ಹಂಗ ಬರೀರಿ ಅಂತ ನಾ ಅನ್ನೂದಿಲ್ಲ. ಬೆಂಗಳೂರು, ಮೈಸೂರು ಕಡೆಯವರು ಬಾಯಾಗ 'ಬ್ಯಾಗಲ್ಲಿ' ಅಂತಾರ, ಅದೂ ಸರಿನ, ಯಾಕಂದ್ರ ಅಂಟಿಸಿ ಅಂತಾರ. ಬಾಯಿ ಅಂಟಿಸಿದ್ದನ್ನ ಬೆರಳು ಯಾಕ ಬಿಡಸಬೇಕು?

ಬಿಡಸೋದಕ್ಕ ಒಂದು ಕಾರಣ ಅದ. ಮೊಬೈಲಿನ್ಯಾಗ 'ಬ್ಯಾಗ್' ಅಂತ ಹೊಡದು ಅದಕ್ಕ 'ನಲ್ಲಿ' ಹಚ್ಚಿದ್ರ, ನ ಅಕ್ಷರ ಒತ್ತಾಗಿ ಕೆಳಗ ಇಳದು 'ಬ್ಯಾಗ್ನಲ್ಲಿ' ಆಗ್ತದ. ಓದಲಿಕ್ಕೆ ತ್ರಾಸು. ಹಂಗ ಆಗಬಾರದು ಅಂತ ಹುಡುಗರು ನಡುವ ಜಾಗ ಬಿಡ್ತಾರ. ಆದ್ರ ಕನ್ನಡದ ಪದ್ಧತಿಯೊಳಗ ಹೋದ್ರ ಈ ಪ್ರಶ್ನೆನ ಏಳೂದಿಲ್ಲ. 'ಬ್ಯಾಗಿನಲ್ಲಿ' ಅಂದ್ರ ಒತ್ತೂ ಇಲ್ಲ, ಜಾಗಾನೂ ಬ್ಯಾಡ.

ಆ ಪದ್ಧತಿ ಹೊಸಾದೇನಲ್ಲ. ಹಳಗನ್ನಡದಾಗ ಕಲ್, ಕಾಲ್, ಊರ್ ಅಂತ ವ್ಯಂಜನದಾಗ ಮುಗಿಯೋ ಶಬ್ದ ಇದ್ವು. ಮುಂದ ಅವಕ್ಕ ಉಕಾರ ಸೇರಿ ಕಲ್ಲು, ಕಾಲು, ಊರು ಆದ್ವು. ಗಿಡ್ಡ ಸ್ವರ ಇದ್ದ ಕಲ್ ಒತ್ತು ತಗೊಂಡಿತು, ಉದ್ದ ಸ್ವರ ಇದ್ದ ಕಾಲ್ ತಗೊಳ್ಳಲಿಲ್ಲ. ಇಂಗ್ಲಿಷ್ ಶಬ್ದಕ್ಕೂ ನಮ್ಮ ಹಿರಿಯರು ಇದನ್ನ ಮಾಡ್ಯಾರ. ಬಸ್ ಬಸ್ಸು ಆತು, ಪೆನ್ ಪೆನ್ನು ಆತು, ಕಾರ್ ಕಾರು ಆತು, ಫೋನ್ ಫೋನು ಆತು. ಸಾಲಿ ಕಲೀದವರೂ ಇದನ್ನ ತಪ್ಪದ ಮಾಡ್ತಿದ್ರು. ಒಮ್ಮೆ ಉಕಾರ ಸೇರಿತು ಅಂದ್ರ ಮುಂದಿಂದು ತಾನ ಬರ್ತದ: ಊರಿನ, ಊರಿಗೆ, ಊರಿನಲ್ಲಿ ಇದ್ದಂಗ ಫೋನಿನ, ಫೋನಿಗೆ, ಫೋನಿನಲ್ಲಿ.

ಇ, ಎ ಸ್ವರದಾಗ ಮುಗಿಯೋವು ಮನೆ ಅನ್ನೋ ಶಬ್ದದಂಗ ನಡೀತಾವ: ಮನೆಯಲ್ಲಿ, ಡೈರಿಯಲ್ಲಿ, ಮನೆಗೆ, ಡೈರಿಗೆ. ಆ ಸ್ವರದಾಗ ಮುಗಿಯೋವು ಮರ ಅನ್ನೋ ಶಬ್ದದಂಗ: ಮರದಲ್ಲಿ, ಕ್ಯಾಮೆರಾದಲ್ಲಿ, ಮರಕ್ಕೆ, ಕ್ಯಾಮೆರಾಕ್ಕೆ. 'ಕ್ಕೆ' ಅನ್ನೋದು ಈ ಕಡೀ ಗುಂಪಿಗೆ ಅಷ್ಟ ಸೇರಿದ್ದು. ಅದನ್ನ ತಗೊಂಡು ಹೋಗಿ 'ಸ್ಕೂಲ್‌ಕ್ಕೆ', 'ಆಫೀಸ್‌ಕ್ಕೆ' ಅಂತ ಹಚ್ಚಿದ್ರ ಬ್ಯಾರೆಯವರ ಅಂಗಿ ಹಾಕ್ಕೊಂಡಂಗ. ಊರಕ್ಕೆ ಅಂತ ಯಾರರ ಅಂತಾರೇನು? ಊರಿಗೆ ಅಂತೀವಿ, ಹಂಗನ ಸ್ಕೂಲಿಗೆ, ಆಫೀಸಿಗೆ.

ಇನ್ನ ಆ 'ಸ್' ಸುದ್ದಿ. ಕನ್ನಡದಾಗ ವಸ್ತುಗಳಿಗೆ ಎಣಿಕೆ ಹೇಳಿದ್ರ ಸಾಕು, ಬಹುವಚನ ಕಡ್ಡಾಯ ಅಲ್ಲ. 'ಎರಡು ಗುಳಿಗಿ ಕೊಡು' ಅಂತೀವಿ. ಹಂಗನ 'ಎರಡು ಟ್ಯಾಬ್ಲೆಟ್ ಕೊಡು' ಅಂದ್ರ ನಡೀತದ. ಬಹುವಚನ ಬೇಕೇ ಬೇಕು ಅಂದ್ರ ನಮ್ಮ 'ಗಳು' ಒಂದು ಹಚ್ರಿ. 'ಟ್ಯಾಬ್ಲೆಟ್ಸ್‌ಗಳು', 'ಫ್ರೆಂಡ್ಸ್‌ಗಳು' ಅಂದ್ರ ಸೀರಿ ಮ್ಯಾಲೆ ಸೀರಿ ಉಟ್ಟಂಗ. ಆದ್ರ ಚಿಪ್ಸು, ಶೂಸು ಅನ್ನೋವನ್ನ ತಿದ್ದಲಿಕ್ಕೆ ಹೋಗಬ್ಯಾಡ್ರಿ. ಅಲ್ಲಿರೋ ಸ್ ಬಹುವಚನ ಅಂತ ಕನ್ನಡದ ಕಿವಿಗೆ ಕೇಳಸೂದೇ ಇಲ್ಲ, ಅದು ಹೆಸರಿನ ಪಾಲೇ ಆಗ್ಯದ. 'ಚಿಪ್ಸಿನ ಪಾಕೀಟು' ಅನ್ನೋದು ತಪ್ಪಲ್ಲ.

ವ್ಯಾಕರಣದ ಪುಸ್ತಕ ತಗೀಬೇಕಾಗಿಲ್ಲ. ಬರದ ಮ್ಯಾಲೆ ಇಂಗ್ಲಿಷ್ ಶಬ್ದದ ಜಾಗದಾಗ ಹಂಗನ ಮುಗಿಯೋ ಒಂದು ಮನಿ ಶಬ್ದ ಇಟ್ಟು ಓದ್ರಿ: ಬ್ಯಾಗಿಗೆ ಊರು, ಡೈರಿಗೆ ಮನೆ, ಕ್ಯಾಮೆರಾಕ್ಕ ಮರ. 'ಊರ್ ಅಲ್ಲಿ ಇದೆ' ಅಂತ ಕಂಡ ಕೂಡಲೆ ಬೆರಳು ತಾನ ಹಿಂದಕ್ಕ ಹೋಗಿ ಜಾಗ ಅಳಿಸ್ತದ. ಮಾತಾಡಬೇಕಾದ್ರ ಹೆಂಗರ ಬೆರಸ್ರಿ, ಎದುರಿಗೆ ಇದ್ದವರು ತಿಳೀಲಿಲ್ಲಂದ್ರ ಕೇಳ್ತಾರ. ಆದ್ರ ಔಷಧ, ರೊಕ್ಕ, ಕೀಲಿಕೈ ಎಲ್ಲಿ ಅವ ಅಂತ ಬರದು ಕಳಸಬೇಕಾದ್ರ ಪ್ರತ್ಯಯನ್ನ ಶಬ್ದಕ್ಕ ಅಂಟಿಸೇ ಕಳಸ್ರಿ.