ಇಂಟರ್ನ್‌ಶಿಪ್ ಮುಗಿಯುವ ಮೊದಲೇ ಕೇಳಬೇಕಾದ ಪ್ರಶ್ನೆ

ಬಿ.ಸಿ.ರೋಡ್ ಆಸುಪಾಸಿನ ನಮ್ಮ ಪರಿಚಯದ ಮನೆಯೊಂದರ ಹುಡುಗಿ ಇಂಜಿನಿಯರಿಂಗ್‌ನ ಕೊನೆಯ ಸೆಮಿಸ್ಟರ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದಕ್ಕೆ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಹೋಗಿದ್ದಳು. ಜನವರಿ ಮಧ್ಯದಲ್ಲಿ ಶುರು, ಜುಲೈ 15ಕ್ಕೆ ಮುಕ್ತಾಯ. ತಿಂಗಳಿಗೆ 20 ಸಾವಿರ ರೂಪಾಯಿ ಸ್ಟೈಪೆಂಡ್, ಅದರಲ್ಲಿ 9 ಸಾವಿರ ಪಿ.ಜಿ.ಗೇ ಹೋಗುತ್ತಿತ್ತು. ‘ಆರು ತಿಂಗಳು ಮಾತ್ರ’ ಎಂದು ಉಪ್ಪನನ್ನು ಒಪ್ಪಿಸಿ ಕಳುಹಿಸಿದ್ದು ಉಮ್ಮ. ಪ್ರತಿ ಆದಿತ್ಯವಾರ ಫೋನಿನಲ್ಲಿ ಉಮ್ಮನ ಪ್ರಶ್ನೆ ಒಂದೇ: ‘ಪರ್ಮನೆಂಟ್ ಮಾಡ್ತಾರಾ?’ ಮಗಳ ಉತ್ತರವೂ ಒಂದೇ: ‘ಕೆಲಸ ಚೆನ್ನಾಗಿ ಮಾಡ್ತಾ ಇದ್ದೇನೆ, ಅವರೇ ಹೇಳ್ತಾರೆ.’

ಅವರು ಹೇಳಲಿಲ್ಲ. ಜುಲೈ ಎರಡನೇ ವಾರದಲ್ಲಿ ಇವಳೇ ಧೈರ್ಯ ಮಾಡಿ ಮ್ಯಾನೇಜರ್ ಬಳಿ ಕೇಳಿದಳು. ಅವರು ನಿಜವಾಗಿಯೂ ಬೇಸರಪಟ್ಟರು. ‘ನಿನಗೆ ಇಲ್ಲಿ ಉಳಿಯುವ ಮನಸ್ಸಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೆಸರುಗಳನ್ನು ಮೇ ತಿಂಗಳಲ್ಲೇ ಕಳಿಸಿ ಆಯಿತಲ್ಲ’ ಎಂದರು. ಜೊತೆಗಿದ್ದ ಇಬ್ಬರು ಇಂಟರ್ನ್‌ಗಳು ಎಪ್ರಿಲ್‌ನಲ್ಲೇ ಕೇಳಿದ್ದರು. ಅವರ ಹೆಸರು ಪಟ್ಟಿಯಲ್ಲಿತ್ತು. ಕೆಲಸದಲ್ಲಿ ಅವರು ಇವಳಿಗಿಂತ ಮುಂದೇನೂ ಇರಲಿಲ್ಲ.

ಇದು ನಮ್ಮ ಅನೇಕ ಮನೆಗಳ ಕಥೆ. ‘ಕೇಳಬೇಡ, ಇರುವುದೂ ಹೋದೀತು’ ಎನ್ನುವ ಹಿರಿಯರ ಮಾತು, ಕೇಳುವುದೆಂದರೆ ಬೇಡಿದಂತೆ ಎನ್ನುವ ಮಕ್ಕಳ ಸಂಕೋಚ, ಎರಡೂ ಸೇರಿ ಹೊತ್ತು ಮೀರಿಹೋಗುತ್ತದೆ. ಆದ್ದರಿಂದ ಕಂಪೆನಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ಅರ್ಥಮಾಡಿಕೊಳ್ಳೋಣ.

ಇಂಟರ್ನ್ ಒಬ್ಬರನ್ನು ಖಾಯಂ ಮಾಡುವುದು ಮ್ಯಾನೇಜರ್ ಒಬ್ಬರ ಕೈಯಲ್ಲಿಲ್ಲ. ಅವರ ತಂಡದಲ್ಲಿ ಒಂದು ಹುದ್ದೆ ಖಾಲಿ ಇರಬೇಕು, ಅದಕ್ಕೆ ಸಂಬಳದ ಹಣ ಮಂಜೂರಾಗಿರಬೇಕು, ಎಚ್.ಆರ್. ವಿಭಾಗ ಒಪ್ಪಬೇಕು. ಈ ಕಾಗದಪತ್ರ ಓಡಾಡಲು ಕೆಲವು ವಾರಗಳು ಬೇಕೇ ಬೇಕು. ಹಾಗಾಗಿ ಕೊನೆಯ ವಾರ ಕೇಳಿದರೆ ಒಳ್ಳೆಯ ಮನಸ್ಸಿನ ಮ್ಯಾನೇಜರ್‌ಗೂ ಮಾಡಲು ಏನೂ ಉಳಿದಿರುವುದಿಲ್ಲ. ಆರು ತಿಂಗಳ ಇಂಟರ್ನ್‌ಶಿಪ್ ಆದರೆ ನಾಲ್ಕನೇ ತಿಂಗಳು ಮುಗಿಯುವ ಹೊತ್ತಿಗೆ, ಅಂದರೆ ಕೊನೆಗೆ ಎಂಟು ವಾರ ಇರುವಾಗ ಕೇಳುವುದು ಸರಿಯಾದ ಸಮಯ. ಎರಡು ತಿಂಗಳದ್ದಾದರೆ ಅರ್ಧ ಕಳೆದ ಕೂಡಲೇ ಕೇಳಬೇಕು.

ಕೇಳುವ ರೀತಿ ಸರಳವಾಗಿರಲಿ. ಹತ್ತು ಜನರ ಮೀಟಿಂಗ್‌ನಲ್ಲಿ ಬೇಡ, ವಾಟ್ಸ್‌ಆ್ಯಪ್‌ನಲ್ಲೂ ಬೇಡ. ಹತ್ತು ನಿಮಿಷ ಸಮಯ ಕೇಳಿ, ಎದುರು ಕುಳಿತು ಹೇಳಿದರೆ ಸಾಕು: ‘ಸರ್, ನನ್ನ ಇಂಟರ್ನ್‌ಶಿಪ್ ಜುಲೈ 15ಕ್ಕೆ ಮುಗಿಯುತ್ತದೆ. ಇದೇ ತಂಡದಲ್ಲಿ ಮುಂದುವರಿಯಲು ನನಗೆ ಇಷ್ಟ ಇದೆ. ಹುದ್ದೆ ಇದೆಯಾ? ತೀರ್ಮಾನ ಯಾರು ಮಾಡುತ್ತಾರೆ, ಯಾವಾಗ ತಿಳಿಯಬಹುದು? ಅಷ್ಟರೊಳಗೆ ನಾನು ಯಾವುದನ್ನು ಸುಧಾರಿಸಬೇಕು?’ ಇದರಲ್ಲಿ ಬೇಡುವುದು ಏನೂ ಇಲ್ಲ. ಅದೇ ಸಂಜೆ, ಸಮಯ ಕೊಟ್ಟದ್ದಕ್ಕೆ ಧನ್ಯವಾದ ಹೇಳಿ, ಮಾತನಾಡಿದ್ದನ್ನು ನಾಲ್ಕು ಸಾಲಿನಲ್ಲಿ ಮೇಲ್ ಮಾಡಬೇಕು. ಮಾಡಿದ ಕೆಲಸಗಳನ್ನೂ ಅದರಲ್ಲಿ ಬರೆಯಬಹುದು. ಮ್ಯಾನೇಜರ್ ಎಚ್.ಆರ್.ಗೆ ಹೆಸರು ಕಳುಹಿಸುವಾಗ ಅದೇ ಅವರ ಕೈಗೆ ಸಿಗುವ ಆಧಾರ.

ಉತ್ತರವನ್ನು ತೂಗಿ ನೋಡುವುದೂ ಮುಖ್ಯ. ತಾರೀಕು ಮತ್ತು ಮುಂದೆ ಮಾತನಾಡಬೇಕಾದವರ ಹೆಸರು ಸಿಕ್ಕಿದರೆ ವಿಷಯ ಮುಂದೆ ಹೋಗುತ್ತಿದೆ ಎಂದು ತಿಳಿಯಬಹುದು. ‘ನೋಡೋಣ’, ‘ಪ್ರಯತ್ನ ಮಾಡ್ತೇವೆ’ ಎಂದಷ್ಟೇ ಎರಡು ಸಲ ಬಂದರೆ ಅದನ್ನು ಇಲ್ಲ ಎಂದೇ ಲೆಕ್ಕ ಹಾಕಿ ಆ ದಿನದಿಂದಲೇ ಬೇರೆ ಕಡೆ ಅರ್ಜಿ ಹಾಕಬೇಕು. ‘ನಿನ್ನದು ಆಯಿತು ಅಂತ ಇಟ್ಟುಕೋ’ ಎಂಬ ಬಾಯಿಮಾತಿಗೆ ಊರಲ್ಲಿ ಸಿಹಿ ಹಂಚುವುದು ಬೇಡ. ಸಂಬಳ, ಹುದ್ದೆ, ಸೇರುವ ದಿನ ಬರೆದ ಆಫರ್ ಲೆಟರ್ ಕೈಸೇರಿದ ಮೇಲೆಯೇ ಅದು ಕೆಲಸ. ಅದನ್ನೂ ಸಹಿ ಮಾಡುವ ಮೊದಲು ಓದಬೇಕು. ವರ್ಷದ ಮೊತ್ತ ಎಷ್ಟು ದೊಡ್ಡದಾಗಿ ಕಂಡರೂ ತಿಂಗಳಿಗೆ ಕೈಗೆ ಬರುವುದೆಷ್ಟು, ಇಷ್ಟು ವರ್ಷ ಬಿಡುವಂತಿಲ್ಲ ಎಂಬ ಬಾಂಡ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಇನ್ನು ಇಲ್ಲ ಎಂಬ ಉತ್ತರ ಬಂದರೆ? ನಮ್ಮ ಹುಡುಗಿಯ ವಿಷಯಕ್ಕೇ ಬರೋಣ. ಮ್ಯಾನೇಜರ್ ಅವಳಿಗೆ ಇಂಟರ್ನ್‌ಶಿಪ್ಪನ್ನೇ ಮೂರು ತಿಂಗಳು ಮುಂದುವರಿಸುವ ಅವಕಾಶ ಕೊಟ್ಟರು. ಅವಳು ಎರಡು ವಿಷಯವನ್ನು ಮೇಲ್‌ನಲ್ಲಿ ಬರೆಸಿಕೊಂಡಳು: ಸ್ಟೈಪೆಂಡ್ ಮೊದಲಿನಂತೆಯೇ ಸಿಗಬೇಕು, ಸೆಪ್ಟೆಂಬರ್ ಕೊನೆಯೊಳಗೆ ಹೌದು ಅಥವಾ ಇಲ್ಲ ಎಂದು ತಿಳಿಸಬೇಕು. ಹೀಗೆ ಗಡುವು ಇದ್ದರೆ, ಹಣ ಬರುತ್ತಿದ್ದರೆ ಒಂದು ಸಲ ಮುಂದುವರಿಯುವುದರಲ್ಲಿ ತಪ್ಪಿಲ್ಲ. ಎರಡನೇ ಸಲವೂ ಅದೇ ಮಾತು ಬಂದರೆ ಕಡಿಮೆ ದುಡ್ಡಿಗೆ ಪೂರ್ತಿ ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕು. ಖಾಯಂ ಮಾಡಲು ತರಬೇತಿ ಶುಲ್ಕ ಕಟ್ಟಿ ಎಂದರೆ, ಮೂಲ ಅಂಕಪಟ್ಟಿ ಇಟ್ಟುಹೋಗಿ ಎಂದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಸೆಪ್ಟೆಂಬರ್‌ನಲ್ಲಿ ಹುದ್ದೆ ಇಲ್ಲ ಎಂದೇ ಆಯಿತು. ಈ ಸಲ ಅವಳು ಬರಿಗೈಯಲ್ಲಿ ಹೊರಬರಲಿಲ್ಲ. ಕಂಪೆನಿಯ ಮೇಲ್ ಐಡಿ ಕೊನೆಯ ದಿನವೇ ಬಂದ್ ಆಗುತ್ತದೆ, ಆಮೇಲೆ ಎಚ್.ಆರ್.ನವರು ಫೋನ್ ಎತ್ತುವುದೂ ಕಷ್ಟ. ಆದ್ದರಿಂದ ಎರಡು ವಾರ ಮೊದಲೇ ಸರ್ಟಿಫಿಕೇಟ್ ಕೇಳಿದಳು. ಲೆಟರ್‌ಹೆಡ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಸಹಿ ಎಲ್ಲ ಇರುವಂತೆ ನೋಡಿಕೊಂಡಳು. ಮುಂದಿನ ಕಂಪೆನಿ ಹಿನ್ನೆಲೆ ಪರಿಶೀಲನೆ ಮಾಡುವಾಗ ಬಯೋಡಾಟಾದ ತಾರೀಕಿಗೂ ಈ ಪತ್ರಕ್ಕೂ ಹೊಂದಿಕೆ ಇಲ್ಲದಿದ್ದರೆ ಸಿಕ್ಕಿದ ಕೆಲಸವೂ ತಪ್ಪಬಹುದು. ತಾನು ಏನು ಮಾಡಿದೆ ಎಂಬುದನ್ನು ತನ್ನ ಮಾತಿನಲ್ಲಿ ಬರೆದಿಟ್ಟುಕೊಂಡಳೇ ಹೊರತು ಕಂಪೆನಿಯ ಫೈಲುಗಳನ್ನು ಮನೆಗೆ ತರಲಿಲ್ಲ. ಅದು ನಂಬಿಕೆಗೆ ಬಗೆಯುವ ದ್ರೋಹ, ಕಾನೂನಿನ ತೊಡಕೂ ಹೌದು.

ಕೊನೆಯದಾಗಿ ಮ್ಯಾನೇಜರ್ ಬಳಿ ಇನ್ನೊಂದು ಪ್ರಶ್ನೆ ಕೇಳಿದಳು: ‘ನಿಮ್ಮ ಪರಿಚಯದ ಯಾರಿಗಾದರೂ ನನ್ನ ಹೆಸರು ಹೇಳಬಹುದಾ?’ ತಾನು ಉಳಿಸಿಕೊಳ್ಳಲಾಗದ ಒಳ್ಳೆಯ ಕೆಲಸಗಾರಳಿಗೆ ಇಷ್ಟು ಮಾಡಲು ಹೆಚ್ಚಿನವರು ಹಿಂದೇಟು ಹಾಕುವುದಿಲ್ಲ. ಅವರ ಹಳೆಯ ಸಹೋದ್ಯೋಗಿಗಳ ಮೂಲಕ ಎರಡು ಇಂಟರ್ವ್ಯೂ ಸಿಕ್ಕಿತು. ಮೊದಲನೆಯದು ಆಗಲಿಲ್ಲ. ಎರಡನೆಯದು ಮಂಗಳೂರಿನ ಸಣ್ಣ ಕಂಪೆನಿ, ನವೆಂಬರ್‌ನಲ್ಲಿ ಅಲ್ಲಿ ಸೇರಿದಳು. ಸಂಬಳ ಬೆಂಗಳೂರಿನಷ್ಟಿಲ್ಲ, ಆದರೆ ಪಿ.ಜಿ. ಬಾಡಿಗೆಯೂ ಇಲ್ಲ.

ಇಷ್ಟರಲ್ಲಿ ಸಂಬಂಧಿಕರು ‘ವಿಸಿಟ್ ವೀಸಾದಲ್ಲಿ ಗಲ್ಫಿಗೆ ಕಳಿಸಿ’, ‘ಓದಿಸಿದ್ದು ಸಾಕು’ ಎಂದೆಲ್ಲ ಹೇಳಿದ್ದರು. ಬರಿಯ ಇಂಟರ್ನ್‌ಶಿಪ್ಪನ್ನು ಅನುಭವ ಎಂದು ಎಲ್ಲ ಕಡೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಒಂದೆರಡು ವರ್ಷದ ಖಾಯಂ ಕೆಲಸ ಆದ ಮೇಲೆ ಹೋದರೆ ಅಲ್ಲಿಯೂ ಮಾತನಾಡಲು ಬಲ ಇರುತ್ತದೆ.

ಇಂಟರ್ನ್‌ಶಿಪ್‌ನಲ್ಲಿರುವ ಮಕ್ಕಳಿರುವ ಮನೆಯವರಲ್ಲಿ ನಮ್ಮದೊಂದು ಮನವಿ. ಈ ವಾರ ಫೋನ್ ಮಾಡುವಾಗ ‘ಪರ್ಮನೆಂಟ್ ಮಾಡ್ತಾರಾ?’ ಎಂದು ಕೇಳಬೇಡಿ. ಅದಕ್ಕೆ ಉತ್ತರ ಮಕ್ಕಳ ಬಳಿ ಇಲ್ಲ. ‘ಯಾವ ದಿನ ಮುಗಿಯುತ್ತದೆ? ಮ್ಯಾನೇಜರ್ ಹತ್ತಿರ ಕೇಳಿದೆಯಾ?’ ಎಂದು ಕೇಳಿ. ಕೇಳಿಲ್ಲ ಎಂದರೆ, ಕೇಳು ಎಂದು ನೀವೇ ಹೇಳಿ.