ಎರವಲು ಗೈಡಿಗೆ ಮೊದಲು ಹಳೆಯ ಪ್ರಶ್ನೆಪತ್ರಿಕೆ

ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿ ಆದವರು ಅರ್ಜಿ ಹಾಕಬಹುದು. ಹಳ್ಳಿಯ ಮಕ್ಕಳು ಈ ಹುದ್ದೆಯ ಮೇಲೆ ಆಸೆ ಇಟ್ಟುಕೊಳ್ಳುವುದು ಅದಕ್ಕಾಗಿಯೇ. 2024ರಲ್ಲಿ ಸಾವಿರ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ನಡೆಸಿತು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಹಿಡಿದು ಕೋಚಿಂಗ್‌ಗೆ ಸೇರಲಾಗದವರು ಊರಲ್ಲೇ ಕುಳಿತು ಓದುತ್ತಾರೆ. ಅವರ ಕೈಗೆ ಸಿಗುವುದು ಹಿಂದೆ ಪರೀಕ್ಷೆ ಬರೆದ ಅಣ್ಣನೊಬ್ಬನ ಗೈಡು, ಮೊಬೈಲ್‌ನಲ್ಲಿ ಟೆಲಿಗ್ರಾಂ ಗುಂಪುಗಳಿಂದ ಇಳಿಸಿಕೊಂಡ ನೂರಾರು ಪಿಡಿಎಫ್. ಈ ತಯಾರಿ ಬಹುತೇಕ ಸೋಲುವುದು ಪುಸ್ತಕದ ಕೊರತೆಯಿಂದಲ್ಲ, ಯಾವುದನ್ನು ಮೊದಲು ಓದಬೇಕೆಂಬ ತೀರ್ಮಾನವಿಲ್ಲದೆ.

ಎರವಲು ತಂದ ಗೈಡನ್ನು ನಂಬುವ ಮೊದಲು ಅದರ ವಯಸ್ಸು ನೋಡಬೇಕು. ಮೂರು ಪುಟ ತಿರುವಿದರೆ ಸಾಕು. ದೇಶದಲ್ಲಿ 29 ರಾಜ್ಯ, 7 ಕೇಂದ್ರಾಡಳಿತ ಪ್ರದೇಶ ಎಂದಿದ್ದರೆ ಅದು 2019ರ ಅಕ್ಟೋಬರ್‌ಗಿಂತ ಹಳೆಯದು. ಈಗ 28 ಮತ್ತು 8. ಕರ್ನಾಟಕಕ್ಕೆ 30 ಜಿಲ್ಲೆ ಎಂದಿದ್ದರೆ 2021ರಲ್ಲಿ ವಿಜಯನಗರ ಜಿಲ್ಲೆ ಆಗುವುದಕ್ಕೂ ಹಿಂದಿನದು. ಸಂವಿಧಾನ ತಿದ್ದುಪಡಿಗಳ ಪಟ್ಟಿಯಲ್ಲಿ ಮಹಿಳಾ ಮೀಸಲಿನ 106ನೆಯದು ಇಲ್ಲದಿದ್ದರೆ 2023ಕ್ಕಿಂತ ಹಿಂದಿನದು. ಇಂಥ ಗೈಡಿನಲ್ಲಿ ಇತಿಹಾಸ ಓದಬಹುದು. ಯೋಜನೆಗಳು, ಅಂಕಿಅಂಶ, ಹುದ್ದೆಗಳಲ್ಲಿರುವವರ ಹೆಸರು ಓದಬಾರದು. ತಪ್ಪನ್ನು ಕಂಠಪಾಠ ಮಾಡಿದವರು ಏನೂ ಓದದವರಿಗಿಂತ ಹೆಚ್ಚು ಕಳೆದುಕೊಳ್ಳುತ್ತಾರೆ, ಏಕೆಂದರೆ ಗೊತ್ತಿದೆ ಎಂಬ ಧೈರ್ಯದಲ್ಲಿ ಗುರುತು ಹಾಕಿದ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹಳೆಯ ಪ್ರಶ್ನೆಪತ್ರಿಕೆಯಿಂದ. ಪಿಯುಸಿ ಮುಗಿಸಿ ಹಗಲು ಹೊಲದ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ಪ್ರಾಧಿಕಾರ ಜಾಲತಾಣದಲ್ಲಿ ಹಾಕಿದ ಸಾಮಾನ್ಯ ಜ್ಞಾನದ ಪತ್ರಿಕೆಯನ್ನು ಅವಳು ಏನೂ ಓದದೆ ಒಮ್ಮೆ ಬಿಡಿಸಲಿ. ತಾತ್ಕಾಲಿಕ ಕೀ ಉತ್ತರವನ್ನಲ್ಲ, ಅಂತಿಮ ಕೀ ಉತ್ತರವನ್ನೇ ಇಟ್ಟುಕೊಂಡು ತಾಳೆ ನೋಡಲಿ. ಆಕ್ಷೇಪಣೆ ಬಂದ ಮೇಲೆ ಕೆಲವು ಉತ್ತರಗಳು ಬದಲಾಗುವುದುಂಟು. ಆಮೇಲೆ ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಅದು ಯಾವ ತರಗತಿಯ ಯಾವ ಪಾಠಕ್ಕೆ ಸೇರುತ್ತದೆ ಎಂದು ಪೆನ್ಸಿಲ್‌ನಲ್ಲಿ ಬರೆಯಲಿ. ಮೂರು ಪತ್ರಿಕೆಗಳಿಗೆ ಹೀಗೆ ಮಾಡಿದರೆ ತನಗೆ ಬೇಕಾದ ಪುಸ್ತಕಗಳ ಪಟ್ಟಿ ತಾನಾಗಿಯೇ ಸಿಗುತ್ತದೆ. ಆ ಪಟ್ಟಿಯಲ್ಲಿ ಮುಖ್ಯವಾಗಿ ಇರುವುದು ಪ್ರೌಢಶಾಲೆಯ ಸಮಾಜ ವಿಜ್ಞಾನ ಮತ್ತು ವಿಜ್ಞಾನದ ಪಠ್ಯಪುಸ್ತಕಗಳೇ. ಅವು ಪಕ್ಕದ ಮನೆಯಲ್ಲಿ ಸಿಗದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡದಲ್ಲೇ ಉಚಿತವಾಗಿ ಇವೆ.

ಎರವಲು ಪುಸ್ತಕದ ವೇಳಾಪಟ್ಟಿಯನ್ನು ವಿಷಯ ನೋಡಿ ಹಾಕಬಾರದು, ಯಾವುದನ್ನು ಯಾವಾಗ ಹಿಂದಿರುಗಿಸಬೇಕು ಎಂಬುದನ್ನು ನೋಡಿ ಹಾಕಬೇಕು. ಶಾಲೆಯ ಮಕ್ಕಳ ಪುಸ್ತಕ ಇಡೀ ದಿನ ಸಿಗುವುದು ರಜೆಯಲ್ಲಿ ಮಾತ್ರ. ಮೊದಲು ಹಿಂದಿರುಗಿಸಬೇಕಾದದ್ದನ್ನು ಮೊದಲು ಓದಿ, ಸ್ವಂತ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು. ನೋಟ್‌ಬುಕ್ಕಿನ ಎಡಪುಟದಲ್ಲಿ ಸಾರಾಂಶ, ಬಲಪುಟದಲ್ಲಿ ಆ ಪಾಠದಿಂದ ಬಂದು ತಾನು ತಪ್ಪು ಮಾಡಿದ ಪ್ರಶ್ನೆಗಳು. ಪುಸ್ತಕ ಹೋದ ಮೇಲೂ ಬಲಪುಟ ಉಳಿಯುತ್ತದೆ. ಪುನರಾವರ್ತನೆಗೆ ಅದು ಸಾಕು. ಪಿಡಿಎಫ್‌ಗಳ ವಿಷಯದಲ್ಲಿ ನಮ್ಮ ಮಾತು ನಿಷ್ಠುರ: ಪಟ್ಟಿಯಲ್ಲಿ ಇಲ್ಲದ್ದನ್ನು ಅಳಿಸಿಹಾಕಿ.

ಆದರೆ ಈ ಯೋಜನೆಗೂ ಮಿತಿ ಇದೆ, ಅದನ್ನು ಮುಚ್ಚಿಡುವುದು ಮೋಸ. ಎರಡನೇ ಪತ್ರಿಕೆಯಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಮತ್ತು ಕಂಪ್ಯೂಟರ್ ಜ್ಞಾನವೂ ಇದೆ. ಕೀಬೋರ್ಡ್ ಮುಟ್ಟದವರು ಅದರ ಕೀಗಳ ಕೆಲಸವನ್ನು ಬಾಯಿಪಾಠ ಮಾಡುತ್ತಾರೆ. ಪ್ರಶ್ನೆ ಸ್ವಲ್ಪ ತಿರುಗಿಸಿ ಬಂದರೆ ಕೈಬಿಡುತ್ತಾರೆ. ಇಂಗ್ಲಿಷ್ ವ್ಯಾಕರಣದ ತಪ್ಪನ್ನು ತಿದ್ದಲು ಒಬ್ಬ ಮನುಷ್ಯ ಬೇಕು. ಇವೆರಡಕ್ಕೂ ಹತ್ತಿರದ ಪ್ರೌಢಶಾಲೆಯ ಮೇಷ್ಟ್ರನ್ನು ವಾರಕ್ಕೊಮ್ಮೆ ಕೇಳಿಕೊಳ್ಳುವುದೇ ದಾರಿ. ಕೇಳಲು ಸಂಕೋಚಪಟ್ಟು ಈ ಭಾಗವನ್ನು ಬಿಟ್ಟವರ ಆಯ್ಕೆ ಸಾಮಾನ್ಯ ಜ್ಞಾನದ ಅಂಕದಿಂದ ಮಾತ್ರ ಆಗುವುದಿಲ್ಲ.

ಸರ್ಕಾರದ ಹೊಣೆ ಇಲ್ಲಿಂದ ಶುರುವಾಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟರೆ ಸಾಲದು. ಅವು ಇರುವುದು ಪಂಚಾಯಿತಿ ಕೇಂದ್ರದಲ್ಲಿ. ಅದೇ ಪಂಚಾಯಿತಿಯ ಉಳಿದ ಹಳ್ಳಿಗಳ ಕೂಲಿ ಮಾಡುವ ಮಕ್ಕಳು ಅಲ್ಲಿಗೆ ತಲುಪುವ ಹೊತ್ತಿಗೆ ಬಾಗಿಲು ಹಾಕಿದ್ದರೆ ಪುಸ್ತಕ ಇದ್ದೂ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಮನೆಗೆ ಕೊಡಬೇಕು, ಕಂಪ್ಯೂಟರನ್ನು ಸಂಜೆ ಹೊತ್ತು ಬಳಸಲು ಬಿಡಬೇಕು. ಪರೀಕ್ಷಾ ಪ್ರಾಧಿಕಾರ ಮತ್ತು ಲೋಕಸೇವಾ ಆಯೋಗ ತಮ್ಮ ಪ್ರತಿ ಹಳೆಯ ಪತ್ರಿಕೆಯನ್ನೂ ಅಂತಿಮ ಕೀ ಉತ್ತರದ ಜೊತೆಗೆ ಒಂದೇ ಕಡೆ, ವರ್ಷವಾರು, ಕಾಯಂ ಆಗಿ ಇಡಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ಮುಂದಿನ ಅಧಿಸೂಚನೆ ಹೊರಡುವ ಮೊದಲು ಇದಾಗಬೇಕು.